ಮಲ್ಲಿಗೆ ಕಟ್ಟಿದ ನಾಲ್ಕು ತಿಂಗಳು

"ಅವ್ವಾ, ಇಲ್ಲಿ ಮುಟ್ಟಿದ್ರ ನೋವಾಗತೈತಿ."

ಹನ್ನೊಂದು ವರ್ಷದ ಕೊಟ್ರೇಶ್ವರಿ ಈ ಮಾತನ್ನು ಹೇಳಿದ್ದು ಹೂ ಕಟ್ಟುತ್ತ, ತಲೆ ಕೂಡ ಎತ್ತದೆ. ಹಡಗಲಿಯ ಆ ಮನೆಯ ಪಡಸಾಲೆಯಲ್ಲಿ ಒದ್ದೆ ಗೋಣಿಚೀಲದ ಮೇಲೆ ಬೆಳಗಿನ ಮೊಗ್ಗು ರಾಶಿ ಬಿದ್ದಿತ್ತು. ಅವಳ ಅಪ್ಪ ಅರುಣಕುಮಾರ ಹೊಸಪೇಟೆ ಬಸ್ಸಿಗೆ ಹಾಕಬೇಕಾದ ಹೂವಿನ ಬುಟ್ಟಿಗೆ ಹಗ್ಗ ಬಿಗಿಯುತ್ತಿದ್ದ. ಒಳಗೆ ಅವನ ತಾಯಿ ತಿಪ್ಪೇರುದ್ರಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹುಡುಗಿಗೆ ಅದು ದೊಡ್ಡ ವಿಷಯವೇನೂ ಅಲ್ಲ, ಸ್ಕೂಲ್ ಬ್ಯಾಗಿನ ಪಟ್ಟಿ ಒತ್ತುತ್ತದೆ ಎನ್ನುವ ಹಾಗೆ ದೂರು ಹೇಳಿದ್ದಳು ಅಷ್ಟೆ. ಆದರೆ ಎದುರಿಗೆ ಕೂತಿದ್ದ ಗಂಗಾಂಬಿಕಾಳ ಕೈಯಲ್ಲಿದ್ದ ಬಾಳೆನಾರು ಹಾಗೇ ನಿಂತುಬಿಟ್ಟಿತು.

"ಎಲ್ಲಿ?"

"ಇಲ್ಲಿ, ಎದಿ ಮ್ಯಾಲೆ. ಎಡಕ್ಕ."

ಗಂಗಾಂಬಿಕಾ ಮಗಳನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಬೆರಳ ತುದಿಗೆ ಅದು ಸಿಕ್ಕಿತು... ಹುಣಸೆಬೀಜದಷ್ಟು, ಗಟ್ಟಿಯಾಗಿ. ಎಡಕ್ಕೆ ಇತ್ತು, ಬಲಕ್ಕೆ ಇರಲಿಲ್ಲ. ಮತ್ತೊಮ್ಮೆ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ಒತ್ತಿ ನೋಡಿದಳು. ಮೂರು ವರ್ಷದಿಂದ ತನ್ನ ಮೈಯಲ್ಲಿ ಹುಡುಕುತ್ತಿದ್ದುದು ಕೊನೆಗೂ ಬಂದಿತ್ತು, ಬಂದದ್ದು ಮಾತ್ರ ಮಗಳಿಗೆ.

"ಏನವ್ವಾ ಅದು?" ಎಂದಳು ಹುಡುಗಿ.

"ಏನಿಲ್ಲ," ಎಂದಳು ಗಂಗಾಂಬಿಕಾ. ಮಕ್ಕಳಿಗೆ ಮಾತಿಗಿಂತ ಮುಖ ಬೇಗ ಅರ್ಥವಾಗುತ್ತದೆ. ಕೊಟ್ರೇಶ್ವರಿ ಅಂದು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಶಾಲೆಗೆ ಹೋದಳು.

ಗಂಗಾಂಬಿಕಾ ಹುಟ್ಟಿನಿಂದ ಹೀಗೆ ಪುಕ್ಕಲಿಯಾಗಿದ್ದವಳಲ್ಲ. ಹೊಲದಲ್ಲಿ ಹಾವು ಕಂಡರೆ ಕೋಲು ತರಲು ಓಡುತ್ತಿದ್ದವಳು ಅವಳೇ, ಕಿರುಚುತ್ತ ಬದು ಹತ್ತುತ್ತಿದ್ದವನು ಗಂಡ. ಮೂರು ವರ್ಷದ ಹಿಂದೆ, ಎರಡು ಸಾವಿರದ ಒಂದನೇ ಇಸವಿಯಲ್ಲಿ, ಕೊಟ್ಟೂರಿಗೆ ಕೊಟ್ಟಿದ್ದ ಅವಳ ಅಕ್ಕ ಸುಕನ್ಯಾಳ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಕೂಸಿಗೆ ಹತ್ತು ತಿಂಗಳು, ಇನ್ನೂ ಹಾಲು ಕುಡಿಯುತ್ತಿತ್ತು. ನೋಡಿದ ಹೆಂಗಸರೆಲ್ಲ ಒಂದೇ ಮಾತು ಹೇಳಿದರು, ಹಾಲು ಗಟ್ಟಿಯಾಗಿದೆ, ಮಲ್ಲಿಗೆ ಕಟ್ಟಿದರೆ ಕರಗುತ್ತದೆ. ಮಲ್ಲಿಗೆಯ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮದ್ದು. ಹಾಲು ಬಿಡಿಸುವಾಗ, ಎದೆ ಬಿಗಿದಾಗ ಎದೆಗೆ ಮಲ್ಲಿಗೆ ದಂಡೆ ಕಟ್ಟುವುದು ಅಜ್ಜಿಯರ ಕಾಲದಿಂದ ಬಂದದ್ದು, ಹಾಲು ಬತ್ತಿ ಬಿಗಿತ ಇಳಿಯುತ್ತಿದ್ದುದೂ ಸುಳ್ಳಲ್ಲ. ಅದಕ್ಕೇ ಯಾರೂ ಅನುಮಾನ ಪಡಲಿಲ್ಲ. ಗಂಗಾಂಬಿಕಾ ತಮ್ಮ ತೋಟದ ಮೊಗ್ಗನ್ನೇ ಬಿಡಿಸಿ, ಒತ್ತಾಗಿ ದಂಡೆ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಎರಡು ದಿನಕ್ಕೊಮ್ಮೆ ಕೊಟ್ಟೂರು ಬಸ್ಸಿನಲ್ಲಿ ಕಳಿಸುತ್ತಿದ್ದಳು. ವಾರಕ್ಕೊಮ್ಮೆ ತಾನೇ ಹೋಗಿ ಕೈಯಾರೆ ಕಟ್ಟಿ ಬರುತ್ತಿದ್ದಳು. "ಕಮ್ಮಿ ಆಗೈತಿ ನೋಡಕ್ಕ, ಮೊದಲಿನಷ್ಟಿಲ್ಲ," ಎಂದು ಪ್ರತಿ ಸಲವೂ ಧೈರ್ಯ ಹೇಳುತ್ತಿದ್ದಳು. ಹೀಗೆ ನಾಲ್ಕು ತಿಂಗಳು ಕಟ್ಟಿದರು.

ಆಮೇಲೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ. ಅಲ್ಲಿನ ಡಾಕ್ಟರು ಬೈಯಲಿಲ್ಲ. "ಎಷ್ಟು ದಿನದಿಂದ ಇತ್ತು?" ಎಂದು ಕೇಳಿ, ಉತ್ತರ ಬರೆದುಕೊಂಡು, ಪೆನ್ನು ಕೆಳಗಿಟ್ಟರು. ಆ ಪೆನ್ನು ಮೇಜಿನ ಮೇಲೆ ಇಟ್ಟ ಸದ್ದು ಗಂಗಾಂಬಿಕಾಳ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಅಕ್ಕನ ಒಂದು ಎದೆ ಹೋಯಿತು, ಆರು ಸಲ ಹಾಕಿದ ಔಷಧಿಗೆ ಕೂದಲು ಹೋಯಿತು, ಊರವರು ಕರೆಂಟು ಎನ್ನುವ ವಿಕಿರಣ ಕೊಟ್ಟಲ್ಲಿ ಚರ್ಮ ಸುಟ್ಟು ಕಪ್ಪಾಯಿತು. ಆದರೂ ಅಕ್ಕ ಉಳಿದಳು.

ಉಳಿಯದೇ ಹೋದದ್ದು ತಂಗಿಯ ನೆಮ್ಮದಿ. ಮೊದಲು ಸ್ನಾನದ ಹೊತ್ತಿನಲ್ಲಿ ಒಂದು ಸಲ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅದು ನಾಲ್ಕಾಯಿತು, ಹತ್ತಾಯಿತು. ಒತ್ತಿ ಒತ್ತಿ ಆ ಜಾಗ ನೋಯತೊಡಗಿತು, ನೋವು ಬಂತಲ್ಲ ಎಂದು ಮತ್ತೆ ಒತ್ತಿದಳು. ಎದೆ ಡವಗುಟ್ಟಿದರೆ ಹೃದಯ ಹೋಯಿತು ಎಂದುಕೊಳ್ಳುವಳು, ಆ ಹೆದರಿಕೆಗೇ ಅದು ಇನ್ನಷ್ಟು ಡವಗುಟ್ಟಿ, ಬೆರಳು ಜುಮ್ಮೆಂದು, ಉಸಿರು ಕಟ್ಟುವುದು. ತಲೆನೋವು ಬಂದರೆ ಮಿದುಳಿನ ಗೆಡ್ಡೆ, ಹೊಟ್ಟೆ ಉಬ್ಬಿದರೆ ಕರುಳು. ಇಸಿಜಿ, ಸ್ಕ್ಯಾನು, ರಕ್ತ, ಎಕ್ಸ್‌ರೇ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಚೀಲ ದಪ್ಪವಾಗಿ, ಅವಳು ಮಾತ್ರ ಸೊರಗಿದಳು. ಡಾಕ್ಟರು "ಏನೂ ಇಲ್ಲಮ್ಮ" ಎಂದರೆ ಮೊದಮೊದಲು ಹದಿನೈದು ದಿನ ಹಗುರಾಗಿರುತ್ತಿದ್ದಳು. ಆಮೇಲೆ ಅದು ನಾಲ್ಕು ದಿನಕ್ಕಿಳಿಯಿತು. ಈಗೀಗ ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲೇ ಆ ಸಮಾಧಾನ ಮುಗಿದುಹೋಗುತ್ತಿತ್ತು. ಸರಿಯಾಗಿ ಒತ್ತಿ ನೋಡಿದರೋ ಇಲ್ಲವೋ, ಬೆನ್ನಿನ ನೋವು ಹೇಳಲು ಮರೆತೆನೋ ಏನೋ, ರಿಪೋರ್ಟು ಬೇರೆ ಯಾರದೋ ಇರಬಹುದು... ಹೀಗೆ ಒಂದರ ಹಿಂದೆ ಒಂದು.

ದಿನಾ ಬೆಳಿಗ್ಗೆ ಗಂಡನ ಮುಂದೆ ನಿಂತು ಕೊರಳು ತೋರಿಸಿ, "ನೋಡ್ರಿ, ಇದು ನಿನ್ನಿ ಇತ್ತೇನು?" ಎಂದು ಕೇಳುವಳು. ಅವನು ಬುಟ್ಟಿ ಹೊಲಿಯುತ್ತಲೇ, "ಇತ್ತು ಬಿಡು, ಎಲ್ಲಾರಿಗೂ ಇರತೈತಿ," ಎನ್ನುವನು. ಒಳ್ಳೆಯ ಮನುಷ್ಯ, ಹೆಂಡತಿ ಒಂದು ಗಳಿಗೆ ಸುಮ್ಮನಾಗಲಿ ಎಂದು ದಿನಕ್ಕೆ ಹತ್ತು ಸಲ ಅದೇ ಮಾತು ಹೇಳುತ್ತಿದ್ದ. ಅದೇ ಅವಳ ಕೇಳುವ ಹಸಿವನ್ನು ಬೆಳೆಸುತ್ತಿದೆ ಎಂದು ಪಾಪ ಅವನಿಗೆ ಯಾರು ಹೇಳಬೇಕು?

ಇನ್ನು ಅತ್ತೆ ತಿಪ್ಪೇರುದ್ರಮ್ಮನ ನಾಲಗೆಗೆ ಕಡಿವಾಣ ಇರಲಿಲ್ಲ. "ಬೇನಿ ಇದ್ದಾಕಿ ಕೊಟ್ಟೂರಾಗ ಗಟ್ಟಿ ಅದಾಳ, ಏನೂ ಇಲ್ಲದಾಕಿ ಇಲ್ಲಿ ಹಾಸಿಗಿ ಹಿಡದಾಳ. ನಿನ್ನ ತವರುಮನಿ ರೋಗ ನನ್ನ ಮೊಮ್ಮಗಳಿಗೆ ಹತ್ತಿಸಬ್ಯಾಡ ಮತ್ತ," ಎಂದು ಒಮ್ಮೆ ನೀರು ಕಾಯಿಸುತ್ತ ಅಂದುಬಿಟ್ಟಿದ್ದಳು. ಮುದುಕಿ ಅಂದು ಮರೆತಳು, ಸೊಸೆಯ ಎದೆಯಲ್ಲಿ ಆ ಮಾತು ನಾಟಿಕೊಂಡಿತು. ಅಕ್ಕನ ಮನೆಗೆ ಹೋಗುವುದನ್ನಂತೂ ಗಂಗಾಂಬಿಕಾ ಆಪರೇಷನ್ ಆದಾಗಿನಿಂದಲೇ ಬಿಟ್ಟಿದ್ದಳು. ಅಕ್ಕನ ಮುಖ ನೋಡಿದರೆ ದಂಡೆ ಕಟ್ಟಿದ ತನ್ನ ಕೈ ನೆನಪಾಗುತ್ತಿತ್ತು.

ಮಗಳನ್ನು ಮರುದಿನವೇ ಊರಿನ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ತಲೆ ನರೆತ, ಅವಸರವಿಲ್ಲದ ಹೆಂಗಸು. ನೋಡಿ ಮುಗಿಸಿ, ಹುಡುಗಿಯನ್ನು ಹೊರಗೆ ಕೂರಲು ಹೇಳಿ, ಬಾಗಿಲು ಮುಂದೆ ಮಾಡಿದರು.

"ಇದು ರೋಗ ಅಲ್ಲಮ್ಮ. ನಿನ್ನ ಮಗಳು ದೊಡ್ಡವಳಾಗ್ತಿದ್ದಾಳೆ. ಈ ವಯಸ್ಸಿಗೆ ಮೊದಲು ಹೀಗೇ ಸಣ್ಣ ಗಂಟಿನ ಹಾಗೆ ಬರುತ್ತೆ, ಮುಟ್ಟಿದರೆ ನೋವಿರುತ್ತೆ. ಎಷ್ಟೋ ಮಕ್ಕಳಿಗೆ ಒಂದು ಕಡೆ ಮೊದಲು ಬಂದು, ಕೆಲವು ತಿಂಗಳಾದ ಮೇಲೆ ಇನ್ನೊಂದು ಕಡೆ ಬರುತ್ತೆ. ನೀನು ದಿನಾ ಒತ್ತಿ ನೋಡಬೇಡ. ಮೂರು ತಿಂಗಳಿಗೆ ಕರಕೊಂಡು ಬಾ."

"ಅಕ್ಕಗ ಕ್ಯಾನ್ಸರ್ ಆಗಿತ್ರಿ ಡಾಕ್ಟರ."

"ಗೊತ್ತು. ಅದಕ್ಕೇ ಇನ್ನೊಂದು ಮಾತು ನೆನಪಿನಲ್ಲಿ ಇಟ್ಟುಕೋ. ಯಾರಾದರೂ ಇದನ್ನ ಕೊಯ್ದು ನೋಡೋಣ ಅಂದರೆ ಒಪ್ಪಬೇಡ. ಇದು ಮೊಳಕೆ. ಇದನ್ನ ತೆಗೆದರೆ ಆ ಕಡೆ ಮತ್ತೆ ಯಾವತ್ತೂ ಬೆಳೆಯೋದಿಲ್ಲ." ಡಾಕ್ಟರಮ್ಮ ಅವಳ ಚೀಲದತ್ತ ನೋಡಿದರು. "ನಿನಗೂ ಒಂದು ಕಾಯಿಲೆ ಇದೆ, ಆ ಕಾಗದಗಳಲ್ಲಿ ಕಾಣೋದಿಲ್ಲ. ಹೆದರಿಕೆ ಬಂದಾಗೆಲ್ಲ ನೀನು ಮುಟ್ಟಿ ನೋಡ್ತೀಯ, ಕೇಳ್ತೀಯ. ಒಂದು ಕ್ಷಣ ಹಗುರಾಗುತ್ತೆ, ಮುಂದಿನ ಸಲ ಅದು ದುಪ್ಪಟ್ಟಾಗಿ ಬರುತ್ತೆ. ತಿಂಗಳಿಗೊಂದು ಸಲ, ಮುಟ್ಟು ಮುಗಿದ ಮೇಲೆ, ನಿನ್ನ ಎದೆ ನೋಡಿಕೋ. ಮೂರು ತಿಂಗಳಿಗೊಂದು ಸಲ ನನ್ನ ಹತ್ತಿರ ಬಾ, ಹುಷಾರಾಗಿದ್ದರೂ ಬಾ. ನಡುವೆ ಯಾರನ್ನೂ ಕೇಳಬೇಡ. ಕಷ್ಟ ಆಗುತ್ತೆ, ಮನಸ್ಸಿನ ಡಾಕ್ಟರ ಹತ್ತಿರ ಹೋಗಬೇಕು ಅನ್ನಿಸಿದರೆ ನಾನೇ ಚೀಟಿ ಕೊಡ್ತೀನಿ."

ಆ ಮಾತು ಸರಿಯಾಗಿಯೇ ಇತ್ತು, ಗಂಗಾಂಬಿಕಾಳಿಗೆ ಅರ್ಥವೂ ಆಗಿತ್ತು. ಆದರೆ ಬಸ್‌ಸ್ಟ್ಯಾಂಡಿನ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಇನ್ನೊಂದು ದನಿ ಎದ್ದಿತು. ಅಕ್ಕನಿಗೂ ಏನೂ ಇಲ್ಲ ಅಂದಿದ್ದರಲ್ಲ? ಹಾಲಿನ ಗಂಟು ಅಂತ ಊರಿಗೆ ಊರೇ ಹೇಳಿತ್ತಲ್ಲ? ನೀನೂ ಹೇಳಿದ್ದೆಯಲ್ಲ, ಕಮ್ಮಿ ಆಗೈತಿ ಅಂತ?

ಹತ್ತು ದಿನ ಅವಳು ಮಗಳನ್ನು ಕೋಣೆಗೆ ಕರೆಯುತ್ತಲೇ ಇದ್ದಳು. ಬೆಳಿಗ್ಗೆ ಒಮ್ಮೆ, ಶಾಲೆಯಿಂದ ಬಂದ ಕೂಡಲೇ ಒಮ್ಮೆ. ಹುಡುಗಿ ಮೊದಮೊದಲು ನಾಚಿ ಕೊಸರಾಡಿದಳು, ಆಮೇಲೆ ಸುಮ್ಮನೆ ನಿಲ್ಲತೊಡಗಿದಳು. ಆ ಸುಮ್ಮನಿರುವಿಕೆಯಲ್ಲಿ ಕೇಡಿತ್ತು, ತಾಯಿಗೆ ಅದು ಕಾಣಲಿಲ್ಲ. ಒತ್ತಿದ ಜಾಗ ಕೆಂಪಾಗಿ ಉಬ್ಬಿತು. ದೊಡ್ಡದಾಯಿತು ಎಂದುಕೊಂಡಳು ಗಂಗಾಂಬಿಕಾ.

ಕೊಟ್ಟೂರು ದಾಟಿ ಇನ್ನೂ ಮುಂದೆ ಹೋಗಬೇಕಾದ ಒಂದು ಊರಿನ ಸಣ್ಣ ನರ್ಸಿಂಗ್ ಹೋಮಿನ ಹೆಸರನ್ನು ಬಸ್ಸಿನಲ್ಲಿ ಸಿಕ್ಕ ಹೆಂಗಸೊಬ್ಬಳು ಹೇಳಿದ್ದಳು. ಶಾಲೆಗೆ ರಜೆ ಹಾಕಿಸಿ ಮಗಳನ್ನು ಅಲ್ಲಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅಕ್ಕನ ಕಥೆ ಕೇಳುತ್ತಲೇ, "ಸಂಶಯ ಯಾಕೆ? ತೆಗೆದು ಪರೀಕ್ಷೆಗೆ ಕಳಿಸೋಣ. ಗುರುವಾರ ಬರ್ರಿ, ಹೊಟ್ಟಿ ಖಾಲಿ ಇರಬೇಕು," ಎಂದ. ಲೇಡಿ ಡಾಕ್ಟರು ಹೇಳಿದ್ದನ್ನು ಗಂಗಾಂಬಿಕಾ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಇವನೂ ಬೇಡ ಎಂದಾನು ಎಂಬ ಅಂಜಿಕೆ. ಮೊಳಕೆ ಹೋದರೆ ಹೋಗಲಿ, ಮಗಳು ಉಳಿದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡು, ಆ ಕ್ಷಣಕ್ಕೆ ತಾನು ಎಲ್ಲರಿಗಿಂತ ಗಟ್ಟಿ ತಾಯಿ ಎಂದುಕೊಂಡಳು. ಹೆದರಿಕೆ ಎಷ್ಟು ಸಲೀಸಾಗಿ ಪ್ರೀತಿಯ ಸೀರೆ ಉಟ್ಟು ಬರುತ್ತದೆ, ನೋಡಿ.

ಗುರುವಾರ ಬೆಳಿಗ್ಗೆ ಮನೆಯಲ್ಲಿ, "ಅಕ್ಕನ ಊರಿಗೆ ಹೋಗಿ ಬರ್ತೀವಿ," ಎಂದಳು. ಅತ್ತೆ ಹುಬ್ಬೇರಿಸಿದಳು. ಅರುಣಕುಮಾರನಿಗೆ ಮಾತ್ರ ಹಿಗ್ಗೋ ಹಿಗ್ಗು. ಇಷ್ಟು ದಿನದ ಮೇಲೆ ಹೆಂಡತಿ ಅಕ್ಕನ ಮನೆಗೆ ಹೊರಟಿದ್ದಾಳೆ, ಏನೋ ಒಳ್ಳೆಯದಾಗುತ್ತಿದೆ! ಬಸ್ಸು ಹತ್ತಿಸಿದವನೇ ಎಸ್‌ಟಿಡಿ ಬೂತಿಗೆ ಹೋಗಿ, ಕೊಟ್ಟೂರಿನಲ್ಲಿ ಸುಕನ್ಯಾಳ ಮನೆಪಕ್ಕದ ಕಿರಾಣಿ ಅಂಗಡಿಗೆ ಫೋನು ಮಾಡಿ ವಿಷಯ ಹೇಳಿದ.

ಬಸ್ಸು ಖಾಲಿ ಖಾಲಿಯಾಗಿತ್ತು. ಮೋಡ ಮುಚ್ಚಿ, ಮಳೆಯೂ ಬಾರದೆ, ಹೊಲಗಳೆಲ್ಲ ಮಂಕಾಗಿದ್ದವು. ಕೊಟ್ರೇಶ್ವರಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಹಿಂದಿನ ಸಂಜೆಯಿಂದ ಅವಳ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ. ಒಮ್ಮೆ ಮಾತ್ರ ಕೇಳಿದಳು, "ಅವ್ವಾ, ನಂಗ ಎಚ್ಚರ ಆಗತೈತಿಲ್ಲ?"

"ಆಗತೈತಿ. ಸುಮ್ನ ಕುಂದ್ರು."

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು ಹತ್ತು ನಿಮಿಷ ಎಂದು ಕೂಗಿ ಚಹಾಕ್ಕೆ ಇಳಿದ. ಗಂಗಾಂಬಿಕಾ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಕಿಟಕಿಯ ಕೆಳಗಿನಿಂದ ಒಂದು ದನಿ ಬಂತು.

"ಗಂಗೀ... ಇಳಿ ಮತ್ತ. ಇಳಿಯಾಕೂ ಮುಹೂರ್ತ ನೋಡ್ತಿಯೇನು?"

ಸುಕನ್ಯಾ ನಿಂತಿದ್ದಳು. ಕೂದಲು ಹೆಗಲವರೆಗೆ ಬೆಳೆದು, ಒಂದು ಬದಿ ಸೆರಗು ತುಸು ಜಗ್ಗಿ, ಕೈಯಲ್ಲಿ ಕಾಗದದ ಪೊಟ್ಟಣ ಹಿಡಿದಿದ್ದಳು. ಇಳಿಯಲಾರದೆ ಕೂತ ತಂಗಿಯನ್ನು ಕಂಡು ಅವಳೇ ಬಸ್ಸು ಹತ್ತಿ ಬಂದಳು, ತಂಗಿಯ ಮಗಳ ಗಲ್ಲ ಹಿಡಿದಳು.

"ಎಷ್ಟ ಉದ್ದ ಆಗ್ಯಾಳ ನೋಡು. ತಗೋವ್ವಾ, ಬಿಸಿ ಮಿರ್ಚಿ, ಮಂಡಕ್ಕಿ. ನಿಂಗಂತ ತಂದೀನಿ."

ಹುಡುಗಿಯ ಕಣ್ಣು ಪೊಟ್ಟಣದ ಮೇಲೆ ಇತ್ತು, ಕೈ ಮುಂದೆ ಬರಲಿಲ್ಲ. ಅವ್ವನ ಮುಖ ನೋಡಿದಳು, ದೊಡ್ಡವ್ವನ ಮುಖ ನೋಡಿದಳು.

"ನಾ ಏನೂ ತಿನ್ನಂಗಿಲ್ಲ ದೊಡ್ಡವ್ವಾ."

"ಯಾಕ? ಉಪಾಸ ಅದಿಯೇನು?"

"ಆಪರೇಷನ್ ಐತಿ." ಹುಡುಗಿ ಪೊಟ್ಟಣದಿಂದ ಕಣ್ಣು ಕಿತ್ತಳು. "ನಂಗೂ ನಿನ್ನಂಗ ಆಗೇತಿ. ಇವತ್ತು ಕೊಯ್ತಾರ."

ಸುಕನ್ಯಾ ಪೊಟ್ಟಣವನ್ನು ಹುಡುಗಿಯ ಮಡಿಲಲ್ಲಿ ಇಟ್ಟಳು. ಆಮೇಲೆ ನಿಧಾನವಾಗಿ ತಂಗಿಯ ಕಡೆ ತಿರುಗಿದಳು.

"ಹಡಗಲಿ ಡಾಕ್ಟರಮ್ಮಗ ತೋರ್ಸಿಯೇನು?"

"ತೋರ್ಸೀನಿ."

"ಏನಂದ್ರು?"

ಉತ್ತರ ಕೊಟ್ಟವಳು ಮಗಳು. ಬಾಗಿಲು ಮುಂದೆ ಮಾಡಿದ್ದರೂ ಹೊರಗಿನ ಬೆಂಚಿಗೆ ಎಲ್ಲ ಕೇಳಿಸಿತ್ತು. "ದೊಡ್ಡಾಕಿ ಆಗಾಕತ್ತಾಳ ಅಂದ್ರು. ಕೊಯ್ದ್ರ ಮತ್ತ ಬೆಳಿಯಂಗಿಲ್ಲ ಅಂದ್ರು."

ಮಗಳಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ, ಅವ್ವ ಹೇಳಿದಳೆಂದು, ಹೊಟ್ಟೆ ಖಾಲಿ ಇಟ್ಟುಕೊಂಡು ಹೊರಟಿದ್ದಳು...! ಗಂಗಾಂಬಿಕಾಳ ಒಳಗೆ ಏನೋ ಕಳಚಿ ಬಿತ್ತು.

"ನಂಗ ಅಂಜಿಕಿ ಅಕ್ಕಾ," ಎಂದಳು. "ಅವತ್ತೂ ಎಲ್ಲಾರೂ ಏನಿಲ್ಲ ಅಂದ್ರು. ನಾನ ಹೂವ ಕಟ್ಟಿದೆ. ನಾಕ ತಿಂಗಳು ಈ ಕೈಲೆ ಕಟ್ಟಿದೆ. ನಿನ್ನ ಎದಿ ಹೋಗಿದ್ದು ನನ್ನಿಂದ. ಈಗ ಇಕಿದೂ ಬಿಟ್ಟು ಕುಂತ್ರ... ಮತ್ತೊಮ್ಮಿ ಹಂಗಾದ್ರ ನಾ ಬದುಕಂಗಿಲ್ಲಕ್ಕ." ಮೂರು ವರ್ಷದ ಅಳು ಬಸ್ಸಿನ ಸೀಟಿನ ಮೇಲೆ ಒಂದೇ ಸಲ ಹೊರಬಂತು.

ಸುಕನ್ಯಾ ಅವಳ ಪಕ್ಕ ಕೂತಳು.

"ಹೂವ ನೀ ಒಬ್ಬಾಕಿನ ಕಟ್ಟಿದಿಯೇನು? ನಮ್ಮವ್ವ ಹೇಳಿದ್ಲು, ನಾ ಕಟ್ಟಿಸಿಕೊಂಡೆ. ಅದಕ್ಕ ನಿನ್ನ ಮ್ಯಾಲೆ ನಂಗ ಒಂದು ದಿನಾನೂ ಸಿಟ್ಟು ಬಂದಿಲ್ಲ. ಕೂದಲ ಹೋದಾಗ ನೀ ಬರ್ತಿ ಅಂತ ಬಾಗಲಾ ನೋಡಿದೆ ನೋಡು, ನೀ ಬರಲಿಲ್ಲ. ಆ ಸಿಟ್ಟು ಐತಿ." ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅವತ್ತು ಡಾಕ್ಟರಿಗೆ ತೋರಿಸಬೇಕಿತ್ತು, ತೋರಿಸಲಿಲ್ಲ. ಇವತ್ತು ತೋರಿಸೀದಿ, ಅವರು ಹೇಳ್ಯಾರ. ಅವತ್ತಿನ ತಪ್ಪಿಗೆ ಇವತ್ತು ಈ ಕೂಸಿನ ಮೈ ಕೊಯ್ಸಿದ್ರ ನಂದು ತಿರುಗಿ ಬರತೈತೇನು?"

"ನಿಂಗ ಅಂಜಿಕಿ ಆಗಂಗಿಲ್ಲೇನಕ್ಕ?"

"ಆಗದೇನು. ಎಂಟು ದಿನದಿಂದ ಬೆನ್ನು ನೋಯ್ತೈತಿ. ಮೊದಲಿಗೆ ಬರೋದು ಅದ ವಿಚಾರ. ಹುಬ್ಬಳ್ಳಿ ಡಾಕ್ಟರು ಹೇಳ್ಯಾರ, ಹೊಸಾ ನೋವು ಬಂದ್ರ ಎರಡು ವಾರ ನೋಡು, ಹೋಗಲಿಲ್ಲ ಅಂದ್ರ ಬಾ ಅಂತ. ನಡುವಿನ ದಿನಾ ರೊಟ್ಟಿ ಬಡೀತೀನಿ, ಅರಿವಿ ಒಗೀತೀನಿ. ಅಂಜಿಕಿ ಬಾಜೂಕ ಕುಂತಿರತೈತಿ. ಕುಂದ್ರಲಿ."

ಕಂಡಕ್ಟರು ಸೀಟಿ ಊದಿದ. ಡ್ರೈವರು ಗಾಡಿ ಶುರು ಮಾಡಿದ. ಇಡೀ ಬಸ್ಸು ನಡುಗತೊಡಗಿತು. ಗಂಗಾಂಬಿಕಾಳ ಎದೆ ಡವಗುಟ್ಟಿ, ಬೆರಳು ಜುಮ್ಮೆಂದು, ಇಳಿದರೆ ಮಗಳನ್ನು ಸಾವಿನ ಬಾಯಿಗೆ ಬಿಟ್ಟಂತೆ ಎಂದು ಒಳಗಿನ ದನಿ ಬೊಬ್ಬೆ ಹೊಡೆಯಿತು. ಆ ದನಿ ನಿಲ್ಲಲಿ, ಆಮೇಲೆ ಏಳೋಣ ಎಂದು ಕಾದಳು. ಅದು ನಿಲ್ಲಲಿಲ್ಲ. ಆಗ, ಅದು ಕೂಗುತ್ತಿರುವಾಗಲೇ, ಮಗಳ ಕೈ ಹಿಡಿದು ಎದ್ದಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೊಟ್ರೇಶ್ವರಿ ಆರಿದ ಮಿರ್ಚಿಯನ್ನು ಗಬಗಬ ತಿಂದಳು. ಖಾರಕ್ಕೆ ಮೂಗು ಸೋರುತ್ತಿತ್ತು. ಗಂಗಾಂಬಿಕಾ ನೋಡುತ್ತ ಕೂತಳು, ಹುಡುಗಿ ಇಡೀ ಪೊಟ್ಟಣ ಮುಗಿಸುವವರೆಗೆ ಬೇರೆ ಏನನ್ನೂ ನೋಡಲಿಲ್ಲ.

ಮುಂದಿನ ದಿನಗಳು ಸುಲಭದವಾಗಿರಲಿಲ್ಲ. ಡಾಕ್ಟರಮ್ಮ ಅರುಣಕುಮಾರನನ್ನೂ ಕರೆಸಿ, ಹೆಂಡತಿ ಕೇಳಿದರೆ ಉತ್ತರ ಕೊಡಬೇಡ ಎಂದರು. ಅವಳು ಕೊರಳು ತೋರಿಸಿ ಕೇಳಿದರೆ ಅವನು, "ನಾ ಹೇಳಂಗಿಲ್ಲ ಗಂಗಾ," ಎಂದು ತಲೆ ತಗ್ಗಿಸುವನು. ಮೊದಲ ವಾರ ಅವಳು ಅವನ ಮೇಲೆ ಪಾತ್ರೆ ಎಸೆದಳು. ಚೀಲವನ್ನು ಅಟ್ಟಕ್ಕೆ ಹಾಕಿದರು. ಕೈ ಎದೆಯ ಹತ್ತಿರ ಹೋದಾಗೆಲ್ಲ ಗಡಿಯಾರ ನೋಡಿ ಹತ್ತು ನಿಮಿಷ ತಡೆದಳು, ಆ ಹತ್ತು ನಿಮಿಷ ಅರ್ಧ ಗಂಟೆಯಾಯಿತು, ಕೆಲವು ದಿನ ಸೋತಳು. ಮಗಳನ್ನು ಮಾತ್ರ ಮತ್ತೆ ಕೋಣೆಗೆ ಕರೆಯಲಿಲ್ಲ. ಮೂರು ತಿಂಗಳಿಗೆ ಡಾಕ್ಟರಮ್ಮ ನೋಡಿ, "ಈಗ ಬಲಗಡೆಯೂ ಬಂದಿದೆ," ಎಂದು ನಕ್ಕರು. ಗಂಗಾಂಬಿಕಾ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು.

ಆದರೆ ಸುಕನ್ಯಾಳ ಬೆನ್ನುನೋವು ಎರಡು ವಾರಕ್ಕೆ ಹೋಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಒಮ್ಮೆ ಎಕ್ಸ್‌ರೇ ತೆಗೆದು, ಏನೂ ಸ್ಪಷ್ಟವಿಲ್ಲ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ನೋವು ಮತ್ತೆ ಬಂದಿತ್ತು. ಈ ಸಲ ಮೂಳೆಯ ಸ್ಕ್ಯಾನಿಗೆ ಕರೆದಿದ್ದರು. ಹಿಂದಿನ ದಿನವೇ ಅವಳು ಹಡಗಲಿಗೆ ಬಂದಿಳಿದಳು. "ನಾ ಬರ್ತೀನಿ ನಿನ್ನ ಜೋಡಿ," ಎಂದಳು ಗಂಗಾಂಬಿಕಾ. ಆ ಆಸ್ಪತ್ರೆಯನ್ನು ನೆನೆದರೇ ಅವಳ ಕಿವಿಯಲ್ಲಿ ಆ ಪೆನ್ನಿನ ಸದ್ದು ಏಳುತ್ತಿತ್ತು. ಆದರೂ ಹೇಳಿದಳು.

ಬೆಳಿಗ್ಗೆ ಪಡಸಾಲೆಯಲ್ಲಿ ಎಂದಿನಂತೆ ಮೊಗ್ಗಿನ ರಾಶಿ. ತಿಪ್ಪೇರುದ್ರಮ್ಮ ಒಳಗಿನಿಂದ ಬಂದಳು. ಸುಕನ್ಯಾಳನ್ನು ಹಿಂದಿನಿಂದ ನೋಡಿ, ಕಟ್ಟಿಟ್ಟಿದ್ದ ಮಾಲೆಯಿಂದ ಒಂದು ಮೊಳ ಹರಿದು ಅವಳ ಗಿಡ್ಡ ಜಡೆಗೆ ಮುಡಿಸಿದಳು. ಕಾಯಿಲೆಯಾದ ಮೇಲೆ ಸುಕನ್ಯಾ ಮಲ್ಲಿಗೆ ಮುಟ್ಟಿರಲಿಲ್ಲ. ಈಗಲೂ ತೆಗೆಯಲು ಕೈ ಎತ್ತಿದಳು, ಎತ್ತಿದ ಕೈ ಇಳಿಸಿದಳು.

"ಹುಷಾರಾಗಿ ಹೋಗಿ ಬರ್ರಿ," ಎಂದಳು ಮುದುಕಿ. "ನನ್ನ ನಾಲಗಿ ಕೆಟ್ಟದ್ದು, ಮನಸಿಗೆ ಹಚ್ಚಿಕೋಬ್ಯಾಡ್ರಿ."

ಕೊಟ್ರೇಶ್ವರಿ ಅವ್ವನ ಸೆರಗು ಹಿಡಿದಳು. "ದೊಡ್ಡವ್ವಗ ಮತ್ತ ಬಂದೈತೇನವ್ವಾ?"

ಏನಿಲ್ಲ ಎನ್ನುವ ಮಾತು ಗಂಗಾಂಬಿಕಾಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಗೊತ್ತಿಲ್ಲ ಕೊಟ್ರೀ. ಹೋಗಿ ಕೇಳಿಕೊಂಡು ಬಂದು ನಿಂಗ ಹೇಳ್ತೀನಿ."

ಹುಡುಗಿ ತಲೆಯಾಡಿಸಿದಳು. ಆಡಿಸುತ್ತಲೇ ಅವಳ ಬಲಗೈ ತಾನಾಗಿ ಮೇಲೆದ್ದು, ಕೊರಳ ಕೆಳಗೆ ಇಳಿದು, ಎರಡು ಬೆರಳಿನಿಂದ ಏನನ್ನೋ ಹುಡುಕತೊಡಗಿತು. ಅವಳಿಗೆ ಅದರ ಅರಿವೂ ಇರಲಿಲ್ಲ. ಆ ಬೆರಳುಗಳು ಗಂಗಾಂಬಿಕಾಳವೇ, ಆ ಒತ್ತುವ ರೀತಿಯೂ ಅವಳದೇ. ಅತ್ತೆ ಅಂದು ಹೇಳಿದ್ದು ಸುಳ್ಳಾಗಿರಲಿಲ್ಲ, ಮನೆಯ ರೋಗ ಮಗಳಿಗೆ ಹತ್ತಿತ್ತು. ಹತ್ತಿಸಿದವಳು ತಾನೇ.

ಕೂಗಬೇಕೆನಿಸಿತು, ಕೂಗಲಿಲ್ಲ. ಮಗಳ ಮುಂದೆ ಮಂಡಿಯೂರಿ ಕೂತು, ಆ ಕೈಯನ್ನು ಮೆಲ್ಲಗೆ ಇಳಿಸಿ, ಅದರೊಳಗೆ ಬಾಳೆನಾರಿನ ತುದಿ ಇಟ್ಟಳು. ಇನ್ನೊಂದು ಕೈಗೆ ಬೊಗಸೆಯಷ್ಟು ಮೊಗ್ಗು ಕೊಟ್ಟಳು.

"ನಾ ತಿರುಗಿ ಬರೋದರಾಗ ನಾಕ ಮಾರು ಕಟ್ಟಿರಬೇಕು. ಕೈ ಬಿಡಂಗಿಲ್ಲ."

"ಅಂಜಿಕಿ ಆದ್ರ?"

"ಆಗಲಿ. ಕಟ್ಟಕೋತ ಕುಂದ್ರು."

ಗದಗಿನ ಕಡೆಯ ಬಸ್ಸು ಹಾರ್ನು ಹೊಡೆಯುತ್ತಿತ್ತು. ಅಕ್ಕ ತಂಗಿ ಒಂದೇ ಸೀಟಿನಲ್ಲಿ ಕೂತರು. ಊರು ದಾಟುತ್ತಲೇ ಗಂಗಾಂಬಿಕಾಳ ಎಡ ಪಕ್ಕೆಯಲ್ಲಿ ಚುಚ್ಚಿದಂತಾಯಿತು. ಕಿಟಕಿಯ ಗಾಳಿಗೆ ಅಕ್ಕನ ಜಡೆಯ ಮಲ್ಲಿಗೆ ಘಮ್ಮೆಂದು ಮೂಗಿಗೆ ಬಡಿಯಿತು. ಆ ನಾಲ್ಕು ತಿಂಗಳ ವಾಸನೆಯೇ ಅದು. ಅವಳು ಮುಖ ತಿರುಗಿಸಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಹುಬ್ಬಳ್ಳಿ ಬರುವವರೆಗೂ ಹಾಗೇ ಕೂತಿದ್ದಳು.